ಬೆಲೆ ಏರಿದ್ದಕ್ಕೆ ಬೇಡಿಕೆ ರೇಖೆಯನ್ನೇ ಸರಿಸಿದ ಉತ್ತರ: ಒಂದು ಪ್ರಕರಣ ಅಧ್ಯಯನ

ಪ್ರಶ್ನೆ ಹೀಗಿತ್ತು. ನೋಟ್‌ಬುಕ್ ಮಾರುಕಟ್ಟೆಯಲ್ಲಿ ಬೇಡಿಕೆ ಮತ್ತು ಪೂರೈಕೆಯ ಸಮೀಕರಣಗಳು ಇವು:

```
Qd = 100 − 2P
Qs = 20 + 2P
```

ಕಾಗದ ದುಬಾರಿಯಾಗಿದೆ. ಒಂದೊಂದು ನೋಟ್‌ಬುಕ್ ತಯಾರಿಸುವ ಖರ್ಚು 12ರಷ್ಟು ಹೆಚ್ಚಿದೆ. ಹೊಸ ಸಮತೋಲನ ಬೆಲೆ ಎಷ್ಟು, ಪ್ರಮಾಣ ಎಷ್ಟು? ಚಿತ್ರ ಬರೆದು ವಿವರಿಸಿ.

ಅರ್ಥಶಾಸ್ತ್ರದ ಮೊದಲ ವರ್ಷದಲ್ಲೇ ಬರುವ, ಕಷ್ಟವೇನೂ ಇಲ್ಲದ ಪ್ರಶ್ನೆ ಇದು. ಇದಕ್ಕೆ ಒಬ್ಬ ವಿದ್ಯಾರ್ಥಿನಿ ಬರೆದ ಉತ್ತರವನ್ನು ಇಲ್ಲಿ ಪೂರ್ತಿ ಬಿಡಿಸಿ ನೋಡೋಣ. ಅದರಲ್ಲಿರುವ ತಪ್ಪು ಆಕೆಯೊಬ್ಬಳದ್ದಲ್ಲ. ಪ್ರತಿ ತರಗತಿಯಲ್ಲೂ ಈ ತಪ್ಪು ಮಾಡುವವರು ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಓದದವರಲ್ಲ, ಒಂದು ಹೆಜ್ಜೆ ಜಾಸ್ತಿ ಯೋಚಿಸಿದವರು. ಹಾಗಾಗಿ "ತಪ್ಪು" ಎಂದು ಕೆಂಪು ಗೆರೆ ಎಳೆದು ಮುಂದೆ ಹೋದರೆ ಅವರಿಗೆ ಏನೂ ತಿಳಿಯುವುದಿಲ್ಲ. ಮುಂದಿನ ಪರೀಕ್ಷೆಯಲ್ಲೂ ಅದನ್ನೇ ಬರೆಯುತ್ತಾರೆ.

ಅವಳು ಬರೆದದ್ದು

ಉತ್ತರದ ಮೊದಲರ್ಧ ಬಹಳ ಚೆನ್ನಾಗಿತ್ತು. ಮೊದಲು ಹಳೆಯ ಸಮತೋಲನ ಕಂಡುಹಿಡಿದಿದ್ದಳು: 100 − 2P = 20 + 2P, ಅಂದರೆ ಬೆಲೆ 20, ಪ್ರಮಾಣ 60. ಆಮೇಲೆ ಖರ್ಚು 12 ಹೆಚ್ಚಿದ್ದನ್ನು ಪೂರೈಕೆಯೊಳಗೆ ಸರಿಯಾಗಿ ಸೇರಿಸಿದ್ದಳು. ತಯಾರಕರ ಕೈಗೆ ಉಳಿಯುವುದು ಈಗ P ಅಲ್ಲ, P − 12. ಹಾಗಾಗಿ ಹೊಸ ಪೂರೈಕೆ 20 + 2(P − 12), ಅಂದರೆ 2P − 4. ಇದನ್ನು ಬೇಡಿಕೆಯೊಂದಿಗೆ ಸಮ ಮಾಡಿದರೆ ಬೆಲೆ 26, ಪ್ರಮಾಣ 48. ಚಿತ್ರದಲ್ಲೂ ಪೂರೈಕೆ ರೇಖೆಯನ್ನು ಎಡಕ್ಕೆ ಸರಿಸಿ, ಹೊಸ ಛೇದನ ಬಿಂದುವನ್ನು ಗುರುತು ಮಾಡಿದ್ದಳು.

ಅಲ್ಲಿಗೆ ನಿಲ್ಲಿಸಿದ್ದರೆ ಪೂರ್ತಿ ಅಂಕ. ಆದರೆ ಆಕೆ ಮುಂದುವರಿಸಿದಳು: "ಬೆಲೆ 20ರಿಂದ 26ಕ್ಕೆ ಏರಿದ್ದರಿಂದ ಬೇಡಿಕೆ ಕಡಿಮೆಯಾಗುತ್ತದೆ. ಬೇಡಿಕೆ 12ರಷ್ಟು ಇಳಿದಿರುವುದರಿಂದ ಬೇಡಿಕೆ ರೇಖೆ ಎಡಕ್ಕೆ ಸರಿಯುತ್ತದೆ. ಹೊಸ ಬೇಡಿಕೆ 88 − 2P. ಆದ್ದರಿಂದ ಬೆಲೆ 23ಕ್ಕೆ ಇಳಿಯುತ್ತದೆ, ಪ್ರಮಾಣ 42 ಆಗುತ್ತದೆ."

ಚಿತ್ರದಲ್ಲಿ ಎರಡನೆಯ ಬೇಡಿಕೆ ರೇಖೆಯೂ ಇತ್ತು. ಬಾಣದ ಗುರುತು ಹಾಕಿ, ಅಂದವಾಗಿ, ಸ್ಕೇಲ್ ಹಿಡಿದು ಎಳೆದಿದ್ದಳು.

ಲೆಕ್ಕದಲ್ಲಿ ತಪ್ಪಿಲ್ಲ. 88 − 2P = 2P − 4 ಎಂದರೆ P ನಿಜಕ್ಕೂ 23. ತಪ್ಪು ಇರುವುದು ಒಂದೇ ಒಂದು ಕಡೆ, "ಬೇಡಿಕೆ ರೇಖೆ ಎಡಕ್ಕೆ ಸರಿಯುತ್ತದೆ" ಎಂಬ ಮಾತಿನಲ್ಲಿ.

ನಿಜವಾಗಿ ಏನು ನಡೆಯಿತು

ಇದನ್ನು ನಿಧಾನವಾಗಿ ನೋಡಬೇಕು. ತರಗತಿಯಲ್ಲಿ ನಾವು ಸಾಮಾನ್ಯವಾಗಿ ಹಳೆಯ ಬಿಂದುವಿನಿಂದ ಹೊಸ ಬಿಂದುವಿಗೆ ನೇರವಾಗಿ ಹಾರಿಬಿಡುತ್ತೇವೆ. ನಡುವೆ ಏನಾಯಿತು ಎಂದು ತೋರಿಸುವುದೇ ಇಲ್ಲ.

ಕಾಗದ ದುಬಾರಿಯಾದ ಕೂಡಲೇ, ಬೆಲೆ ಇನ್ನೂ 20 ಇರುವಾಗಲೇ, ತಯಾರಕರು ಲೆಕ್ಕ ಹಾಕಿ ನೋಡುತ್ತಾರೆ. 20ಕ್ಕೆ ಮಾರಿದರೆ 60 ತಯಾರಿಸುವುದು ಈಗ ಗಿಟ್ಟುವುದಿಲ್ಲ. ಹೊಸ ಸಮೀಕರಣದ ಪ್ರಕಾರ 20ರ ಬೆಲೆಯಲ್ಲಿ ಅವರು ತರುವುದು 2 × 20 − 4, ಅಂದರೆ 36. ಬೆಲೆ ಬದಲಾಗಿಲ್ಲ, ಆದರೂ ತರುವ ಪ್ರಮಾಣ 60ರಿಂದ 36ಕ್ಕೆ ಬಿದ್ದಿದೆ. ರೇಖೆ ಸರಿಯುವುದು ಎಂದರೆ ಇದೇ: ಅದೇ ಬೆಲೆ, ಬೇರೆ ಪ್ರಮಾಣ.

ಕೊಳ್ಳುವವರ ಕಡೆ ಏನೂ ಆಗಿಲ್ಲ. 20ರ ಬೆಲೆಯಲ್ಲಿ ಅವರಿಗೆ ಇನ್ನೂ 60 ಬೇಕು. ಬೇಕಿರುವುದು 60, ಬಂದಿರುವುದು 36, ಕೊರತೆ 24. ಕೊರತೆ ಇದ್ದಾಗ ಬೆಲೆ ಮೇಲಕ್ಕೆ ಹೊರಡುತ್ತದೆ.

ಬೆಲೆ 23 ತಲುಪಿತು ಎಂದುಕೊಳ್ಳಿ. ಕೊಳ್ಳುವವರು ಸ್ವಲ್ಪ ಹಿಂದೆ ಸರಿಯುತ್ತಾರೆ: 100 − 46 = 54. ತಯಾರಕರು ಸ್ವಲ್ಪ ಮುಂದೆ ಬರುತ್ತಾರೆ: 46 − 4 = 42. ಕೊರತೆ 12ಕ್ಕೆ ಇಳಿದಿದೆ, ಆದರೆ ಮುಗಿದಿಲ್ಲ. ಬೆಲೆ ಇನ್ನೂ ಏರುತ್ತದೆ. 26ಕ್ಕೆ ಬಂದಾಗ ಎರಡೂ ಕಡೆ 48. ಕೊರತೆ ಇಲ್ಲ. ಇನ್ನು ಬೆಲೆಯನ್ನು ತಳ್ಳುವವರು ಯಾರೂ ಇಲ್ಲ.

ಕೊಳ್ಳುವವರ ದಾರಿಯನ್ನು ಗಮನಿಸಿ: 60, 54, 48. ಈ ಮೂರೂ ಬಿಂದುಗಳು ಹಳೆಯ ಬೇಡಿಕೆ ರೇಖೆಯ ಮೇಲೇ ಇವೆ. 20ಕ್ಕೆ 60, 23ಕ್ಕೆ 54, 26ಕ್ಕೆ 48 ಎಂದು 100 − 2P ಮೊದಲೇ ಹೇಳಿತ್ತು. ಕಾಗದ ದುಬಾರಿಯಾಗುವ ಮುಂಚೆಯೂ ಅದು ಇದನ್ನೇ ಹೇಳುತ್ತಿತ್ತು. ಬೆಲೆ ಏರಿದರೆ ಜನ ಎಷ್ಟು ಕಡಿಮೆ ಕೊಳ್ಳುತ್ತಾರೆ ಎಂಬ ಮಾಹಿತಿ ರೇಖೆಯ ಇಳಿಜಾರಿನಲ್ಲೇ ಇದೆ. ಅದಕ್ಕಾಗಿ ಹೊಸ ರೇಖೆ ಬೇಕಿಲ್ಲ.

ಪೂರೈಕೆಯ ಕಡೆ ಇನ್ನೊಂದು ವಿಷಯವಿದೆ. ಹೆಚ್ಚಿನ ಉತ್ತರಗಳಲ್ಲಿ, ಸರಿ ಉತ್ತರಗಳಲ್ಲೂ, ಅದು ಕಾಣಿಸುವುದಿಲ್ಲ. ಪೂರೈಕೆ ರೇಖೆ ಎಡಕ್ಕೆ ಸರಿದದ್ದು 24ರಷ್ಟು, ಆದರೆ ಮಾರಾಟವಾದ ಪ್ರಮಾಣ ಇಳಿದದ್ದು 12 ಮಾತ್ರ. ಉಳಿದ 12 ಎಲ್ಲಿ ಹೋಯಿತು? ಮೊದಲು 60ರಿಂದ 36ಕ್ಕೆ ಬಿತ್ತು, ಅದು ರೇಖೆಯ ಪಲ್ಲಟ. ಆಮೇಲೆ ಬೆಲೆ ಏರಿದ್ದರಿಂದ 36, 42, 48 ಎಂದು ಹೊಸ ಪೂರೈಕೆ ರೇಖೆಯ ಮೇಲೆ ಹತ್ತಿತು, ಅದು ಚಲನೆ. ಒಂದೇ ಘಟನೆಯಲ್ಲಿ ಪೂರೈಕೆ ಕಡೆ ಪಲ್ಲಟವೂ ಇದೆ, ಚಲನೆಯೂ ಇದೆ. ಬೇಡಿಕೆ ಕಡೆ ಚಲನೆ ಮಾತ್ರ ಇದೆ. ಈ ಮೂರನ್ನೂ ಬಿಡಿಬಿಡಿಯಾಗಿ ಹೇಳಬಲ್ಲ ವಿದ್ಯಾರ್ಥಿಗೆ ವಿಷಯ ಅರ್ಥವಾಗಿದೆ ಎಂದು ನಾನು ನಂಬುತ್ತೇನೆ. ಬರೀ "S ಎಡಕ್ಕೆ, P ಮೇಲೆ, Q ಕೆಳಗೆ" ಎಂದು ಬರೆದವನ ಬಗ್ಗೆ ನನಗೆ ಅಷ್ಟು ಖಾತ್ರಿ ಇರುವುದಿಲ್ಲ.

23 ಯಾಕೆ ನಿಲ್ಲುವುದಿಲ್ಲ

ವಿದ್ಯಾರ್ಥಿನಿಯ ಉತ್ತರ 23ಕ್ಕೆ ಬಂದು ನಿಂತಿತ್ತು. ಅದು ಸರಿಯೋ ತಪ್ಪೋ ಎಂದು ತಿಳಿಯಲು ನಿಯಮ ಹೇಳಬೇಕಾಗಿಲ್ಲ. 23ರ ಬೆಲೆಯಲ್ಲಿ ಎಷ್ಟು ಜನ ಬರುತ್ತಾರೆ ಎಂದು ಕೇಳಿದರೆ ಸಾಕು. ಪ್ರಶ್ನೆಯಲ್ಲೇ ಕೊಟ್ಟ ಬೇಡಿಕೆ 54 ಎನ್ನುತ್ತದೆ. ಅವಳ ಚಿತ್ರ 42 ಎನ್ನುತ್ತದೆ. ಹಾಗಾದರೆ 12 ನೋಟ್‌ಬುಕ್ ಬೇಡ ಎಂದವರು ಯಾರು, ಯಾಕೆ ಬೇಡ ಎಂದರು? ಅವರ ಆದಾಯ ಇಳಿದಿಲ್ಲ. ಅಭಿರುಚಿ ಬದಲಾಗಿಲ್ಲ. ಬೆಲೆಗಾಗಿ ಬಿಟ್ಟರು ಎನ್ನೋಣ ಅಂದರೆ, 23ರ ಬೆಲೆಗೆ ಬಿಡಬೇಕಾದವರು ಆಗಲೇ ಬಿಟ್ಟಾಗಿದೆ, 60 ಅನ್ನುವುದು 54 ಆಗಿದೆ. ಈ 12 ಮಂದಿ ಮಾಯವಾಗಲು ಯಾವ ಕಾರಣವೂ ಇಲ್ಲ.

ನಾನು ಅವಳನ್ನು ಕರೆದು ಕೇಳಿದ್ದೂ ಇದನ್ನೇ.

"ನಾಳೆ ಕಾಗದದ ಬೆಲೆ ಮೊದಲಿನಂತೆ ಆಗಿ, ನೋಟ್‌ಬುಕ್ ಮತ್ತೆ 20ಕ್ಕೆ ಸಿಕ್ಕಿದರೆ, ಎಷ್ಟು ಕೊಳ್ಳುತ್ತಾರೆ?"

"60, ಮೇಡಂ. ಮೊದಲಿನಷ್ಟೇ."

"ನಿನ್ನ ಹೊಸ ರೇಖೆ ಎಷ್ಟು ಎನ್ನುತ್ತದೆ, ನೋಡು."

88 − 40 ಎಂದು ಬರೆದಳು. 48 ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಈ ರೇಖೆ ಸುಳ್ಳು ಹೇಳ್ತಿದೆ" ಎಂದಳು.

ಇದು ನನಗೆ ಗೊತ್ತಿರುವ ಅತಿ ಒಳ್ಳೆಯ ಪರೀಕ್ಷೆ. ಬೆಲೆಯನ್ನು ಹಳೆಯ ಜಾಗಕ್ಕೆ ಮನಸ್ಸಿನಲ್ಲೇ ತಂದಿಡಿ. ಕೊಳ್ಳುವ ಪ್ರಮಾಣವೂ ಹಳೆಯ ಜಾಗಕ್ಕೆ ಬಂದರೆ ಅಲ್ಲಿ ಆದದ್ದು ಚಲನೆ. ಬೆಲೆ ಹಿಂದೆ ಬಂದರೂ ಪ್ರಮಾಣ ಬರದಿದ್ದರೆ ರೇಖೆಯೇ ಸರಿದಿದೆ. ಪೂರೈಕೆಗೆ ಇದನ್ನೇ ಮಾಡಿ ನೋಡಿ: ಕಾಗದ ದುಬಾರಿಯೇ ಇದ್ದು ಬೆಲೆಯನ್ನು 20ಕ್ಕೆ ತಂದರೆ ತಯಾರಕರು 60 ತರುವುದಿಲ್ಲ, 36 ತರುತ್ತಾರೆ. ಅಲ್ಲಿ ಪಲ್ಲಟ ಆಗಿರುವುದು ನಿಜ.

ಸರಪಳಿಯನ್ನು ಕೊನೆವರೆಗೆ ಎಳೆದರೆ

ಅವಳು ಸುಲಭಕ್ಕೆ ಬಿಡುವವಳಲ್ಲ. "ಆದರೆ ಮೇಡಂ, ಬೆಲೆ ಏರಿದರೆ ಬೇಡಿಕೆ ಇಳಿಯೋದು ನಿಜ ಅಲ್ವಾ? ಬೇಡಿಕೆ ಇಳಿದರೆ ಬೆಲೆ ಇಳಿಯೋದೂ ನಿಜ ಅಲ್ವಾ?" ಎಂದು ಕೇಳಿದಳು. ಎರಡೂ ವಾಕ್ಯಗಳು ಪಠ್ಯಪುಸ್ತಕದಲ್ಲೇ ಇರುವಂಥವು. ಜೋಡಿಸಿದರೆ ಮಾತ್ರ ಯಾಕೆ ತಪ್ಪಾಗುತ್ತದೆ?

ಯಾಕೆಂದರೆ ಮೊದಲ ವಾಕ್ಯದಲ್ಲಿ ಇಳಿದದ್ದು ಬೇಡಿಕೆಯ ಪ್ರಮಾಣ, ಅಂದರೆ ರೇಖೆಯ ಮೇಲಿನ ಒಂದು ಬಿಂದು. ಎರಡನೆಯದರಲ್ಲಿ ಇಳಿದದ್ದು ಬೇಡಿಕೆ, ಅಂದರೆ ಇಡೀ ರೇಖೆ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಲು ಬರುವುದಿಲ್ಲ. ಇಷ್ಟು ಹೇಳಿದರೆ ವಿದ್ಯಾರ್ಥಿಗಳು ತಲೆಯಾಡಿಸುತ್ತಾರೆ, ಆದರೆ ಒಪ್ಪಿರುವುದಿಲ್ಲ. ಅದಕ್ಕೇ ನಾನು ಅವಳ ತರ್ಕವನ್ನು ಅವಳ ಕೈಯಲ್ಲೇ ಮುಂದುವರಿಸಲು ಹೇಳಿದೆ.

ಅವಳ ನಿಯಮದ ಪ್ರಕಾರ ಬೆಲೆ ಬದಲಾದಾಗೆಲ್ಲ ಬೇಡಿಕೆ ರೇಖೆ ಸರಿಯಬೇಕು. ಬೆಲೆ 26ರಿಂದ 23ಕ್ಕೆ ಇಳಿಯಿತು, ಅಂದರೆ ಬೇಡಿಕೆ 6ರಷ್ಟು ಹೆಚ್ಚಬೇಕು. ರೇಖೆ ಈಗ 94 − 2P. ಹೊಸ ಬೆಲೆ 24.5. ಬೆಲೆ ಮತ್ತೆ ಏರಿತಲ್ಲ, ಹಾಗಾಗಿ ಬೇಡಿಕೆ 3ರಷ್ಟು ಇಳಿಯಬೇಕು. ರೇಖೆ 91 − 2P, ಬೆಲೆ 23.75. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಪ್ರತಿ ಸಲ ಸರಿಯುವ ದೂರ ಅರ್ಧವಾಗುತ್ತಾ ಹೋಗುತ್ತದೆ. ಕೊನೆಗೆ ಬೆಲೆ 24ರ ಹತ್ತಿರ ಬಂದು ನೆಲೆಯಾಗುತ್ತದೆ, ಪ್ರಮಾಣ 44.

ಮೊದಲನೆಯದಾಗಿ, 23 ಎಂಬ ಅವಳ ಉತ್ತರ ಅವಳದೇ ನಿಯಮದ ಪ್ರಕಾರವೂ ಉತ್ತರವಲ್ಲ, ನಡುವೆ ಎಲ್ಲೋ ಸುಸ್ತಾಗಿ ನಿಂತ ಜಾಗ. ಎರಡನೆಯದು ಇನ್ನೂ ಮುಖ್ಯ. 24ರ ಬೆಲೆಯಲ್ಲಿ ನಿಜವಾದ ಕೊಳ್ಳುವವರಿಗೆ 52 ಬೇಕು, ತಯಾರಕರು ತರುವುದು 44. ಅಷ್ಟು ದೂರ ನಡೆದು ತಲುಪಿದ ಜಾಗದಲ್ಲಿ 8ರ ಕೊರತೆ ಇದೆ. ಕೊರತೆ ಇರುವ ಬಿಂದು ಸಮತೋಲನವೇ ಅಲ್ಲ.

24 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಹುಡುಕಿದರೆ ತಪ್ಪಿನ ಬೇರು ಸಿಗುತ್ತದೆ. ಅವಳ ನಿಯಮವನ್ನು ಒಂದೇ ಸಮೀಕರಣವಾಗಿ ಬರೆಯೋಣ. ರೇಖೆಯ ಇಳಿಜಾರಿನಲ್ಲಿ ಬೆಲೆಯ ಪರಿಣಾಮ ಒಂದು ಸಲ ಇದೆ. ಅದರ ಮೇಲೆ, ಬೆಲೆ 20ಕ್ಕಿಂತ ಎಷ್ಟು ಮೇಲೆ ಹೋಯಿತೋ ಅದರ ಎರಡು ಪಟ್ಟು ರೇಖೆಯನ್ನೂ ಅವಳು ಎಡಕ್ಕೆ ಸರಿಸುತ್ತಾಳೆ.

```
Qd = 100 − 2P − 2(P − 20)
   = 140 − 4P
```

ಇದನ್ನು 2P − 4ರೊಂದಿಗೆ ಸಮ ಮಾಡಿದರೆ 6P = 144, ಅಂದರೆ P = 24. ಸರಿಯಾಗಿ ಅದೇ ಸಂಖ್ಯೆ. ಪ್ರಶ್ನೆಯಲ್ಲಿ ಬೆಲೆಯ ಮುಂದೆ 2 ಇತ್ತು, ಅವಳ ನಿಯಮದಲ್ಲಿ ಅದು 4 ಆಗಿಬಿಟ್ಟಿದೆ. ಬೆಲೆ 1 ಏರಿದರೆ ಜನ 2 ಕಡಿಮೆ ಕೊಳ್ಳುತ್ತಾರೆ ಎಂದು ಪ್ರಶ್ನೆ ಹೇಳುತ್ತಿದೆ, ಅವಳು 4 ಕಡಿಮೆ ಕೊಳ್ಳುತ್ತಾರೆ ಎಂದು ಉತ್ತರಿಸಿದ್ದಾಳೆ. ಒಂದೇ ಪರಿಣಾಮವನ್ನು ಎರಡು ಸಲ ಎಣಿಸಿದ್ದಾಳೆ. ಈ 4 ಕಣ್ಣಿಗೆ ಬಿದ್ದ ಮೇಲೆ ಅವಳು ಮತ್ತೆ ವಾದ ಮಾಡಲಿಲ್ಲ. ನಿಯಮ ಒಪ್ಪಿಸುವುದಕ್ಕಿಂತ ಈ ಸಣ್ಣ ಬೀಜಗಣಿತ ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತದೆ.

ಸಂಖ್ಯೆಗಳಿಲ್ಲದ ಪ್ರಶ್ನೆಗಳಲ್ಲಿ ಈ ತಪ್ಪು ಇನ್ನೂ ಮೋಸದ್ದು. ಅಲ್ಲಿ ವಿದ್ಯಾರ್ಥಿ ಕೈಯಲ್ಲೇ ರೇಖೆ ಎಳೆಯುತ್ತಾನೆ. ಪೂರೈಕೆಯನ್ನು ಎಷ್ಟು ಸರಿಸಿದ್ದನೋ ಬೇಡಿಕೆಯನ್ನೂ ಅಷ್ಟೇ ಸರಿಸುತ್ತಾನೆ, ಕಣ್ಣಿಗೆ ಹಾಗೆಯೇ ಚೆಂದ ಕಾಣುತ್ತದೆ. ನಮ್ಮ ಉದಾಹರಣೆಯಲ್ಲಿ ಬೇಡಿಕೆಯನ್ನೂ 24ರಷ್ಟು ಎಡಕ್ಕೆ ಸರಿಸಿ ನೋಡಿ: 76 − 2P = 2P − 4, ಬೆಲೆ ಸರಿಯಾಗಿ 20. ಆಗ ಉತ್ತರ ಹೀಗಾಗುತ್ತದೆ: "ಕಾಗದದ ಖರ್ಚು ಏರಿದರೂ ನೋಟ್‌ಬುಕ್ ಬೆಲೆ ಬದಲಾಗುವುದಿಲ್ಲ." ಇನ್ನು ಕೆಲವರು "ಬೆಲೆ ಏರಬಹುದು ಅಥವಾ ಇಳಿಯಬಹುದು, ಖಚಿತವಾಗಿ ಹೇಳಲಾಗದು" ಎಂದು ಬರೆಯುತ್ತಾರೆ. ಎರಡೂ ರೇಖೆಗಳು ನಿಜವಾಗಿ ಸರಿದಾಗ ಬರೆಯಬೇಕಾದ ಮಾತು ಅದು. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಈ ಎರಡನ್ನೂ ತಪ್ಪು ಆಯ್ಕೆಗಳಾಗಿ ಇಟ್ಟಿರುತ್ತಾರೆ. ಯಾರಾದರೂ ಅದನ್ನು ಆರಿಸಿದರೆ ಅವರ ತಲೆಯಲ್ಲಿ ಎರಡನೆಯ ರೇಖೆ ಸರಿದಿದೆ ಎಂದು ತಿಳಿಯಬೇಕು.

ಈ ತಪ್ಪು ಎಲ್ಲಿಂದ ಬರುತ್ತದೆ

ನಾವು ಕಥೆ ಹೇಳುವ ರೀತಿಯಲ್ಲೇ ಒಂದು ತೊಡಕಿದೆ. ಖರ್ಚು ಏರಿತು, ಹಾಗಾಗಿ ಪೂರೈಕೆ ಇಳಿಯಿತು, ಹಾಗಾಗಿ ಬೆಲೆ ಏರಿತು, ಹಾಗಾಗಿ ಜನ ಕಡಿಮೆ ಕೊಂಡರು. ಒಂದಾದ ಮೇಲೆ ಒಂದು. ಈ ಸಾಲಿನಲ್ಲಿ ಪ್ರತಿಯೊಂದು "ಹಾಗಾಗಿ"ಗೂ ಚಿತ್ರದಲ್ಲಿ ಒಂದು ಹೊಸ ಗೆರೆ ಬೇಕು ಎಂದು ವಿದ್ಯಾರ್ಥಿಗೆ ಅನಿಸುತ್ತದೆ. ಆದರೆ ಕೊನೆಯ ಎರಡು ಹೆಜ್ಜೆಗಳು ಒಂದಾದ ಮೇಲೆ ಒಂದು ನಡೆಯುವುದಲ್ಲ. ಬೆಲೆ ಏರುತ್ತಿರುವಾಗಲೇ ಜನ ಕಡಿಮೆ ಕೊಳ್ಳುತ್ತಿರುತ್ತಾರೆ, ಅವರು ಕಡಿಮೆ ಕೊಳ್ಳುವುದರಿಂದಲೇ ಕೊರತೆ ಕರಗುತ್ತದೆ, ಬೆಲೆ 26ರಲ್ಲಿ ನಿಲ್ಲುತ್ತದೆ. ಅವರು ಹಿಂದೆ ಸರಿಯದೇ 60ಕ್ಕೇ ಅಂಟಿಕೊಂಡಿದ್ದರೆ ಬೆಲೆ 32ರವರೆಗೆ ಹೋಗಬೇಕಿತ್ತು, ಯಾಕೆಂದರೆ 2P − 4 ಎನ್ನುವುದು 60 ಆಗುವುದು ಅಲ್ಲೇ. ಬೆಲೆ 32ಕ್ಕೆ ಹೋಗದೆ 26ಕ್ಕೆ ನಿಂತಿದೆ ಎಂದರೆ ಜನರ ಪ್ರತಿಕ್ರಿಯೆ ಆ 26ರೊಳಗೆ ಆಗಲೇ ಸೇರಿದೆ ಎಂದರ್ಥ. ಅದನ್ನು ಮತ್ತೆ ಸೇರಿಸಲು ಏನೂ ಉಳಿದಿಲ್ಲ.

ಇನ್ನೊಂದು ಕಾರಣ ಚಿತ್ರದ ಅಕ್ಷಗಳು. ಗಣಿತದಲ್ಲಿ ಕಾರಣವನ್ನು ಅಡ್ಡ ಅಕ್ಷದಲ್ಲಿ, ಪರಿಣಾಮವನ್ನು ಲಂಬ ಅಕ್ಷದಲ್ಲಿ ಇಟ್ಟು ಕಲಿತಿರುತ್ತೇವೆ. ಅರ್ಥಶಾಸ್ತ್ರದಲ್ಲಿ ಬೆಲೆ ಲಂಬ ಅಕ್ಷದಲ್ಲಿ ಕೂತಿದೆ. ಆಲ್ಫ್ರೆಡ್ ಮಾರ್ಷಲ್ ಕಾಲದಿಂದ ಗಟ್ಟಿಯಾದ ರೂಢಿ ಇದು. ಹಾಗಾಗಿ "ಬೆಲೆ ಬದಲಾದರೆ ಪ್ರಮಾಣ ಎಷ್ಟು" ಎಂಬ ಪ್ರಶ್ನೆಯನ್ನು ಚಿತ್ರದಲ್ಲಿ ಪಕ್ಕಕ್ಕೆ ತಿರುಗಿ ಓದಬೇಕಾಗುತ್ತದೆ. ಅಭ್ಯಾಸವಿಲ್ಲದವರಿಗೆ ಬೆಲೆ ಆಗಲೇ ಚಿತ್ರದೊಳಗೆ ಇದೆ ಎಂಬುದೇ ಮರೆತುಹೋಗುತ್ತದೆ, ಅದು ಹೊರಗಿಂದ ಬಂದು ರೇಖೆಯನ್ನು ತಳ್ಳುವ ಶಕ್ತಿಯಂತೆ ಕಾಣುತ್ತದೆ. ಬೇಡಿಕೆ ರೇಖೆ ಬರೆಯುವಾಗ ಆದಾಯ, ಅಭಿರುಚಿ, ಬೇರೆ ವಸ್ತುಗಳ ಬೆಲೆ, ಕೊಳ್ಳುವವರ ಸಂಖ್ಯೆ, ಮುಂದಿನ ದಿನಗಳ ನಿರೀಕ್ಷೆ ಇವೆಲ್ಲ ಬದಲಾಗುವುದಿಲ್ಲ ಎಂದುಕೊಂಡು, ಈ ವಸ್ತುವಿನ ಬೆಲೆಯೊಂದನ್ನೇ ಮೇಲೆ ಕೆಳಗೆ ಆಡಿಸಿ, ಪ್ರತಿ ಬೆಲೆಗೂ ಪ್ರಮಾಣ ಗುರುತು ಹಾಕಿರುತ್ತೇವೆ. ಅಕ್ಷದ ಮೇಲಿರುವುದು ಬದಲಾದರೆ ನಾವು ರೇಖೆಯ ಮೇಲೆ ನಡೆಯುತ್ತೇವೆ. ಅಕ್ಷದ ಮೇಲಿಲ್ಲದ್ದು ಬದಲಾದರೆ ಆ ಗುರುತುಗಳನ್ನೆಲ್ಲ ಅಳಿಸಿ ಮತ್ತೆ ಹಾಕಬೇಕು, ಅಂದರೆ ರೇಖೆ ಸರಿಯುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ಸಣ್ಣ ತಪ್ಪನ್ನೂ ಹೇಳಿಬಿಡುತ್ತೇನೆ. ಪೂರೈಕೆ ಕಡಿಮೆಯಾಯಿತು ಎಂದು ಕೆಲವರು ಪೂರೈಕೆ ರೇಖೆಯನ್ನು ಕೆಳಕ್ಕೆ ಸರಿಸುತ್ತಾರೆ. ಮೇಲೇರುವ ರೇಖೆಯನ್ನು ಕೆಳಕ್ಕೆ ಸರಿಸಿದರೆ ಅದು ಬಲಕ್ಕೂ ಸರಿದಂತೆ, ಅಂದರೆ ಪೂರೈಕೆ ಹೆಚ್ಚಿದಂತೆ. ನಮ್ಮ ಉದಾಹರಣೆಯಲ್ಲಿ ಖರ್ಚು 12 ಏರಿದ್ದರಿಂದ ರೇಖೆ 12ರಷ್ಟು ಮೇಲೆ ಹೋಗಿದೆ, ಅದೇ ಎಡಕ್ಕೆ 24. ಸರಿಸುವಾಗ ಎಡ ಬಲ ಎಂದೇ ಯೋಚಿಸುವುದು ಕ್ಷೇಮ.

ಸಂಶೋಧಕರೂ ಎಡವಿದ ಜಾಗ

ಇದೇ ಗೊಂದಲದ ಇನ್ನೊಂದು ಮುಖ 1914ರಲ್ಲಿ ಕಾಣಿಸಿತು. ಅಮೆರಿಕದ ಅರ್ಥಶಾಸ್ತ್ರಜ್ಞ ಹೆನ್ರಿ ಮೂರ್ ಪಿಗ್ ಐರನ್ ಎಂಬ ಕಚ್ಚಾ ಕಬ್ಬಿಣದ ಬೆಲೆ ಮತ್ತು ಪ್ರಮಾಣದ ವರ್ಷವರ್ಷದ ಅಂಕಿಗಳನ್ನು ತೆಗೆದುಕೊಂಡು ಬೇಡಿಕೆಯ ನಿಯಮ ಹುಡುಕಲು ಹೊರಟರು. ಅವರಿಗೆ ಸಿಕ್ಕಿದ್ದು ಮೇಲೇರುವ ಗೆರೆ: ಪ್ರಮಾಣ ಹೆಚ್ಚಿದಾಗ ಬೆಲೆಯೂ ಹೆಚ್ಚು. ಅವರು ಅದನ್ನು ಹೊಸ ಬಗೆಯ ಬೇಡಿಕೆ ರೇಖೆ ಎಂದೇ ಮಂಡಿಸಿದರು.

ಮರುವರ್ಷವೇ ಫಿಲಿಪ್ ರೈಟ್ ಇದರ ದೋಷ ತೋರಿಸಿದರು. ಉದ್ಯಮಗಳು ಚುರುಕಾದ ವರ್ಷ ಕಬ್ಬಿಣದ ಬೇಡಿಕೆ ರೇಖೆಯೇ ಬಲಕ್ಕೆ ಸರಿಯುತ್ತದೆ, ಮಂದವಾದ ವರ್ಷ ಎಡಕ್ಕೆ. ರೇಖೆ ಹೀಗೆ ಆಚೀಚೆ ಓಡಾಡುತ್ತಿದ್ದರೆ, ಛೇದನ ಬಿಂದುಗಳು ಪೂರೈಕೆ ರೇಖೆಯ ಮೇಲೆ ಮೇಲಕ್ಕೂ ಕೆಳಕ್ಕೂ ಚಲಿಸುತ್ತವೆ. ಆ ಬಿಂದುಗಳನ್ನು ಸೇರಿಸಿದರೆ ಸಿಗುವುದು ಬೇಡಿಕೆಯ ಚಿತ್ರವಲ್ಲ, ಹೆಚ್ಚುಕಡಿಮೆ ಪೂರೈಕೆಯ ಚಿತ್ರ. 1927ರಲ್ಲಿ ಎಲ್ಮರ್ ವರ್ಕಿಂಗ್ ಇದನ್ನು ಇನ್ನೂ ಸ್ಪಷ್ಟಪಡಿಸಿದರು: ಎರಡೂ ರೇಖೆಗಳು ಸರಿಯುತ್ತಿದ್ದರೆ ಬಿಂದುಗಳ ಸಾಲು ಎರಡರಲ್ಲಿ ಯಾವುದೂ ಅಲ್ಲದಿರಬಹುದು.

ನಮ್ಮ ವಿದ್ಯಾರ್ಥಿನಿ ಚಲನೆಯನ್ನು ಪಲ್ಲಟ ಎಂದುಕೊಂಡಳು. ಮೂರ್ ಪಲ್ಲಟಗಳ ಸಾಲನ್ನು ಒಂದೇ ರೇಖೆಯ ಮೇಲಿನ ಚಲನೆ ಎಂದುಕೊಂಡರು. "ಬೆಲೆ ಏರಿತು, ಮಾರಾಟವೂ ಏರಿತು, ಹಾಗಾಗಿ ಬೇಡಿಕೆಯ ನಿಯಮ ಸುಳ್ಳು" ಎಂದು ಇವತ್ತಿಗೂ ಬರೆಯುವ ವಿದ್ಯಾರ್ಥಿಗಳಿದ್ದಾರೆ. ಅವರದು ಮೂರ್ ಅವರ ತಪ್ಪೇ.

ಬೆಲೆ ನಿಜಕ್ಕೂ ರೇಖೆಯನ್ನು ಸರಿಸುವ ಸಂದರ್ಭಗಳು

ಇಷ್ಟು ಕಲಿತ ವಿದ್ಯಾರ್ಥಿ "ಬೆಲೆ ಬದಲಾದರೆ ಎಂದೂ ಪಲ್ಲಟವಿಲ್ಲ" ಎಂದು ಬಾಯಿಪಾಠ ಮಾಡಿಕೊಂಡರೆ ಇನ್ನೊಂದು ಕಡೆ ಬೀಳುತ್ತಾನೆ. ಯಾವ ವಸ್ತುವಿನ ಬೆಲೆ, ಯಾರ ಚಿತ್ರದಲ್ಲಿ ಎಂದು ಕೇಳಬೇಕು. ನೋಟ್‌ಬುಕ್ ಬೆಲೆ 26 ಆದದ್ದು ನೋಟ್‌ಬುಕ್ ಚಿತ್ರದಲ್ಲಿ ಚಲನೆ. ಪೆನ್ಸಿಲ್ ಚಿತ್ರ ಬರೆದರೆ ಅದರ ಅಕ್ಷದ ಮೇಲೆ ಇರುವುದು ಪೆನ್ಸಿಲ್ ಬೆಲೆ, ನೋಟ್‌ಬುಕ್ ಬೆಲೆ ಅಲ್ಲಿ ಹೊರಗಿನದು. ಜನ ಬರೆಯುವುದು ಕಡಿಮೆ ಮಾಡಿದರೆ ಪೆನ್ಸಿಲ್ ಬೇಡಿಕೆ ರೇಖೆ ನಿಜವಾಗಿಯೇ ಎಡಕ್ಕೆ ಸರಿಯುತ್ತದೆ. ಒಂದೇ ಬೆಲೆ ಏರಿಕೆ, ಒಂದು ಚಿತ್ರದಲ್ಲಿ ಚಲನೆ, ಪಕ್ಕದ ಚಿತ್ರದಲ್ಲಿ ಪಲ್ಲಟ. ಇದನ್ನು ಅವಳಿಗೆ ಬಿಡಿಸಲು ಕೊಟ್ಟಾಗ ಒಂದೇ ಏಟಿಗೆ ಸರಿ ಬರೆದಳು.

ನಿರೀಕ್ಷೆಯ ಕಥೆಯೂ ಹಾಗೆಯೇ. ಇಂದಿನ ಬೆಲೆ ಏರಿದ್ದನ್ನು ನೋಡಿ ಮುಂದಿನ ತಿಂಗಳು ಇನ್ನೂ ಏರುತ್ತದೆ ಎಂದು ಜನ ನಂಬಿದರೆ ಈಗಲೇ ಜಾಸ್ತಿ ಕೊಂಡಿಡುತ್ತಾರೆ. ಆಗ ಇಂದಿನ ಬೇಡಿಕೆ ರೇಖೆ ಬಲಕ್ಕೆ ಸರಿಯುತ್ತದೆ. ಸರಿಸಿದ್ದು ಇಂದಿನ ಬೆಲೆಯಲ್ಲ, ನಾಳೆಯ ಬೆಲೆಯ ಬಗ್ಗೆ ಇರುವ ನಂಬಿಕೆ. ಹಳೆಯ ಬೆಲೆಗೆ ತಂದು ನೋಡುವ ಪರೀಕ್ಷೆ ಇಲ್ಲೂ ನಡೆಯುತ್ತದೆ: ನಾಳೆ ಏರುತ್ತದೆ ಎಂಬ ನಂಬಿಕೆ ಇರುವಾಗ ಇವತ್ತು 20ಕ್ಕೆ ಕೊಟ್ಟರೆ ಜನ 60ಕ್ಕಿಂತ ಜಾಸ್ತಿ ಕೊಳ್ಳುತ್ತಾರೆ.

ನಿಜಕ್ಕೂ ಕಷ್ಟದ ಸಂದರ್ಭ ಪೂರೈಕೆಯ ಕಡೆ ಇದೆ. ಬೇಡಿಕೆ ಹೆಚ್ಚಿ ಬೆಲೆ ಏರಿತು ಎನ್ನಿ. "ಬೆಲೆ ಏರಿದ್ದರಿಂದ ಪೂರೈಕೆ ರೇಖೆ ಬಲಕ್ಕೆ ಸರಿಯುತ್ತದೆ, ಬೆಲೆ ಮತ್ತೆ ಇಳಿಯುತ್ತದೆ" ಎಂದು ಒಬ್ಬ ಬರೆದರೆ ಅದು ನಮ್ಮ ತಪ್ಪಿನ ಕನ್ನಡಿ ಪ್ರತಿ. ಈಗಿರುವ ತಯಾರಕರು ಬೆಲೆ ನೋಡಿ ಹೆಚ್ಚು ತಂದದ್ದು ಹಳೆಯ ಪೂರೈಕೆ ರೇಖೆಯ ಮೇಲಿನ ಚಲನೆ ಅಷ್ಟೇ. ಆದರೆ ಪೈಪೋಟಿಯ ಮಾರುಕಟ್ಟೆಯಲ್ಲಿ ಬೆಲೆ ಬಹುಕಾಲ ಏರಿಯೇ ಇದ್ದರೆ, ಲಾಭ ಕಂಡು ಹೊಸ ತಯಾರಕರು ಬರುತ್ತಾರೆ. ತಯಾರಕರ ಸಂಖ್ಯೆ ಅಕ್ಷದ ಮೇಲೆ ಇಲ್ಲ. ಅದು ಬದಲಾದಾಗ ಅಲ್ಪಾವಧಿಯ ಪೂರೈಕೆ ರೇಖೆ ನಿಜವಾಗಿ ಬಲಕ್ಕೆ ಸರಿಯುತ್ತದೆ, ಬೆಲೆಯೂ ಇಳಿಯುತ್ತದೆ. ಇಬ್ಬರು ವಿದ್ಯಾರ್ಥಿಗಳ ಚಿತ್ರ ನೋಡಲು ಒಂದೇ ಥರ ಇರಬಹುದು. ಒಬ್ಬ "ಬೆಲೆ ಏರಿದ್ದರಿಂದ" ಎಂದು ಬರೆದು ರೇಖೆ ಸರಿಸಿರುತ್ತಾನೆ, ಇನ್ನೊಬ್ಬ "ಕಾಲಾಂತರದಲ್ಲಿ ಹೊಸಬರು ಬಂದದ್ದರಿಂದ" ಎಂದು ಬರೆದಿರುತ್ತಾನೆ. ಮೊದಲನೆಯವನಿಗೆ ನಾನು ಅಂಕ ಕೊಡುವುದಿಲ್ಲ. ಎರಡನೆಯವನಿಗೆ, ಪ್ರಶ್ನೆ ದೀರ್ಘಾವಧಿಯದ್ದಾಗಿದ್ದರೆ, ಪೂರ್ತಿ ಕೊಡುತ್ತೇನೆ. ಅದಕ್ಕೇ ಈಗ ಪ್ರಶ್ನೆಪತ್ರಿಕೆ ಬರೆಯುವಾಗ ಅವಧಿ ಯಾವುದೆಂದು ಪ್ರಶ್ನೆಯಲ್ಲೇ ಹೇಳುತ್ತೇನೆ, ಮತ್ತು ರೇಖೆ ಸರಿಸಿದವರು ಅದನ್ನು ಸರಿಸಿದ್ದು ಏನು ಎಂದು ಬಾಣದ ಪಕ್ಕದಲ್ಲೇ ಬರೆಯಬೇಕು ಎಂದು ಕೇಳುತ್ತೇನೆ.